‘ಸ್ವಲ್ಪ ನೋಡ್ಕೊಳ್ಳಿ’ ಅಂದರೆ ಸಾಲದು: ಹ್ಯಾಂಬರ್ಗ್‌ನಲ್ಲಿ ಮೀಟಿಂಗ್ ಒಪ್ಪಿಸಿ ಊರಿಗೆ ಹೊರಡುವಾಗ

ಚಿಕ್ಕಮಗಳೂರಿನ ಕಚೇರಿಯಲ್ಲಿ ರಜೆಗೆ ಹೊರಟವರು ಪಕ್ಕದ ಮೇಜಿನವರಿಗೆ ಹೇಳುವುದು ಇಷ್ಟೇ: “ಮಂಗಳವಾರದ ಮೀಟಿಂಗ್ ಸ್ವಲ್ಪ ನೋಡ್ಕೊಳ್ಳಿ ಸಾರ್.” ಅವರು “ಆಯ್ತು” ಅನ್ನುತ್ತಾರೆ. ಅಲ್ಲಿ ಅದು ನಡೆದುಹೋಗುತ್ತದೆ. ನಡುವೆ ಏನಾದರೂ ತೊಡಕು ಬಂದರೆ ಒಂದು ಫೋನ್ ಸಾಕು, ಹೊರಟವರು ಮದುವೆ ಚಪ್ಪರದಲ್ಲಿ ನಿಂತಾದರೂ ಉತ್ತರ ಹೇಳುತ್ತಾರೆ. ಜರ್ಮನಿಯಲ್ಲಿ ಆ ಫೋನ್ ಬರುವುದಿಲ್ಲ. ರಜೆಯಲ್ಲಿರುವವರನ್ನು ಕೆಲಸಕ್ಕೆ ಎಳೆಯುವುದು ಇಲ್ಲಿ ಸಲ್ಲದ ನಡತೆ. ಅವರ ಬದಲಿಗೆ ನಿಲ್ಲುವವರಿಗೆ ಫೆರ್ಟ್ರೆಟುಂಗ್ ಎಂಬ ಪದವೇ ಇದೆ, ಎಷ್ಟೋ ಕಚೇರಿಗಳ ರಜೆ ಅರ್ಜಿಯಲ್ಲಿ ಅವರ ಹೆಸರಿಗೊಂದು ಕಲಂ ಕೂಡ ಇರುತ್ತದೆ. ಹಾಗಾಗಿ ಹೇಳಬೇಕಾದದ್ದನ್ನೆಲ್ಲ ಹೊರಡುವ ಮೊದಲೇ ಹೇಳಿ ಮುಗಿಸಬೇಕು.

ಮಲೆನಾಡಿನವರಿಗೆ ಗೊತ್ತಿರುವ ಕೆಲಸವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಹ್ಯಾಂಬರ್ಗ್‌ನ ಒಂದು ಕಾಫಿ ಆಮದು ಕಚೇರಿಗೂ ಬೀಜದ ಸಿಪ್ಪೆ ತೆಗೆದು ವಿಂಗಡಿಸುವ ಚಿಕ್ಕಮಗಳೂರಿನ ಒಂದು ಕ್ಯೂರಿಂಗ್ ವರ್ಕ್ಸಿಗೂ ಪ್ರತಿ ಮಂಗಳವಾರ 45 ನಿಮಿಷದ ಆನ್‌ಲೈನ್ ಮೀಟಿಂಗ್. ಅತ್ತ ಕಡೆ ವರ್ಕ್ಸ್ ಮ್ಯಾನೇಜರ್, ಅಲ್ಲಿನ ಲ್ಯಾಬ್‌ನವರು, ಮೂಡಿಗೆರೆ ಮತ್ತು ಸಕಲೇಶಪುರದ ಬೆಳೆಗಾರರ ಪರವಾಗಿ ಒಬ್ಬರು. ಇತ್ತ ಕಡೆ ಖರೀದಿ, ಕ್ವಾಲಿಟಿ ಮತ್ತು ಶಿಪ್ಪಿಂಗ್‌ನವರು. ಮೀಟಿಂಗ್ ನಡೆಸುವವರು ಖರೀದಿ ವಿಭಾಗದ ಕನ್ನಡಿಗರು, ಯುಗಾದಿಗೆ ಎರಡು ವಾರ ಊರಿಗೆ ಹೊರಟಿದ್ದಾರೆ ಎಂದುಕೊಳ್ಳಿ.

ಮೊದಲ ಪ್ರಶ್ನೆ ಯಾರನ್ನು ಕೇಳುವುದು. ಹಿರಿಯರನ್ನೇ ಕೇಳಬೇಕು ಎಂಬುದು ನಮ್ಮ ಅಭ್ಯಾಸ. ಅದಕ್ಕಿಂತ, ಆ ದಿನದ ಅತಿ ಭಾರದ ವಿಷಯ ಯಾರ ಕೈಗೆ ಹತ್ತಿರವೋ ಅವರನ್ನು ಕೇಳುವುದು ಒಳ್ಳೆಯದು. ಇಲ್ಲಿ ಆ ವಿಷಯ ಸ್ಯಾಂಪಲ್ ಒಪ್ಪಿಗೆ, ಆದ್ದರಿಂದ ಕ್ವಾಲಿಟಿ ವಿಭಾಗದ ಜರ್ಮನ್ ಸಹೋದ್ಯೋಗಿ ಸರಿಯಾದ ಆಯ್ಕೆ. ಆದರೆ ಕಾಫಿಯ ರುಚಿ ನೋಡುವ ಕಪ್ಪಿಂಗ್ ಪರೀಕ್ಷೆಯ ಫಲಿತಾಂಶ ಓದುವವರೂ ಅವರೇ, ಮೀಟಿಂಗ್ ನಡೆಸುವವರೂ ಅವರೇ ಆದಾಗ ಟಿಪ್ಪಣಿ ಬರೆಯುವ ಕೆಲಸವನ್ನೂ ಅವರ ತಲೆಗೆ ಕಟ್ಟಬಾರದು. ಅದನ್ನು ಶಿಪ್ಪಿಂಗ್‌ನವರಿಗೆ ಮೊದಲೇ ವಹಿಸಿ.

ಕೇಳುವಾಗ ಸಮಯದ ಲೆಕ್ಕವನ್ನು ಬಿಚ್ಚಿ ಹೇಳಿ: ಎರಡು ಮಂಗಳವಾರ, ಒಂದೊಂದು 45 ನಿಮಿಷ, ಹೊರಡುವ ಮೊದಲು ಕೂತು ಮಾತಾಡಲು 20 ನಿಮಿಷ, ಮೀಟಿಂಗ್ ಆದ ಮೇಲೆ ಟಿಪ್ಪಣಿ ನೋಡಲು ಕಾಲು ಗಂಟೆ. ಎರಡು ವಾರ ಮುಂಚೆ ಕೇಳಿದರೆ “ಆ ದಿನ ನನಗಾಗುವುದಿಲ್ಲ” ಎನ್ನಲು ಅವರಿಗೆ ಅವಕಾಶ ಇರುತ್ತದೆ. ಇಲ್ಲಿನವರು ಹಾಗೆ ನೇರವಾಗಿ ಹೇಳುತ್ತಾರೆ, ಅದರಲ್ಲಿ ಬೇಸರಪಡುವಂಥದ್ದೇನೂ ಇಲ್ಲ. ಇದು ಉಪಕಾರ ಬೇಡುವುದೂ ಅಲ್ಲ. ವರ್ಷಕ್ಕೆ ಕನಿಷ್ಠ ನಾಲ್ಕು ವಾರ ರಜೆಯನ್ನು ಇಲ್ಲಿನ ಕಾನೂನೇ ಕೊಡುವುದರಿಂದ ಪ್ರತಿಯೊಬ್ಬರೂ ಇನ್ನೊಬ್ಬರ ಜಾಗದಲ್ಲಿ ನಿಲ್ಲಲೇಬೇಕಾಗುತ್ತದೆ. ಆಗಸ್ಟ್‌ನಲ್ಲಿ ಅವರು ಹೊರಟಾಗ ನಿಮ್ಮ ಸರದಿ.

ಇನ್ನು ಬರೆದು ಕೊಡುವ ಒಂದು ಪುಟ. ಹೆಚ್ಚಿನವರು ಎಡವುವುದು ಇಲ್ಲೇ. ಹಿಂದಿನ ಆರು ತಿಂಗಳ ಇಮೇಲ್‌ಗಳನ್ನೆಲ್ಲ ಫಾರ್ವರ್ಡ್ ಮಾಡಿ, ಚರ್ಚಿಸಬೇಕಾದ ವಿಷಯಗಳ ಹೆಸರಷ್ಟೇ ಬರೆಯುತ್ತಾರೆ: ಸ್ಯಾಂಪಲ್, ತೋಟದ ದಾಖಲೆ, ಬೆಲೆ. ಅದನ್ನು ಹಿಡಿದು ಮೀಟಿಂಗ್‌ಗೆ ಕೂತವರಿಗೆ ಏನು ಮಾತಾಡಬೇಕೆಂದು ತಿಳಿಯುತ್ತದೆ, ಎಲ್ಲಿಗೆ ಮುಟ್ಟಿಸಬೇಕೆಂದು ತಿಳಿಯುವುದಿಲ್ಲ. ಪ್ರತಿ ವಿಷಯಕ್ಕೂ ಎರಡು ಸಂಗತಿ ಬೇಕು. ಮೀಟಿಂಗ್ ಮುಗಿದಾಗ ಕೈಯಲ್ಲಿ ಏನಿರಬೇಕು, ಮತ್ತು ಅವರು ಎಲ್ಲಿಯವರೆಗೆ ತಾವೇ ನಿರ್ಧರಿಸಬಹುದು. ಸ್ಯಾಂಪಲ್ ಬಗ್ಗೆ ಹೀಗೆ ಬರೆದುಕೊಡಬಹುದು:

“ಅರೇಬಿಕಾ ಪ್ಲಾಂಟೇಶನ್ ಎ, 60 ಕೆಜಿಯ 320 ಚೀಲ, ಒಂದು ಕಂಟೇನರ್. ಒಪ್ಪಿಗೆಯೋ ಇಲ್ಲವೋ ಇದೇ ಮೀಟಿಂಗ್‌ನಲ್ಲಿ ಹೇಳಬೇಕು. ನಮ್ಮ ಲ್ಯಾಬಿನ ಅಳತೆಯಲ್ಲಿ ತೇವಾಂಶ ಶೇ. 11.5ರೊಳಗಿದ್ದು ಕಪ್‌ನಲ್ಲಿ ದೋಷವಿಲ್ಲದಿದ್ದರೆ ನೀವೇ ಒಪ್ಪಿಗೆ ಕೊಡಿ. ಮೀರಿದ್ದರೆ ಒಣಗಿಸಿ ಹೊಸ ಸ್ಯಾಂಪಲ್ ಕಳಿಸಲು ಹೇಳಿ. ಬೆಲೆ ಇಳಿಸಿ ತೆಗೆದುಕೊಳ್ಳುವ ಮಾತಿಗೆ ಒಪ್ಪಬೇಡಿ.”

ಐದೇ ಸಾಲು. ‘ನಮ್ಮ ಲ್ಯಾಬಿನ ಅಳತೆಯಲ್ಲಿ’ ಎಂಬ ಮಾತು ಯಾಕೆ ಬೇಕೆಂದರೆ, ಚಿಕ್ಕಮಗಳೂರಿನ ಮೀಟರ್ 11.2 ತೋರಿಸಿ ಹ್ಯಾಂಬರ್ಗ್‌ನದು 11.8 ತೋರಿಸುವುದು ಹೊಸದೇನಲ್ಲ. ಮೀಟರ್ ಸರಿಹೊಂದಿಸಿ ಎಷ್ಟು ದಿನವಾಯಿತು, ಅಳೆದದ್ದು ಪಾರ್ಚ್‌ಮೆಂಟೋ ಸಿಪ್ಪೆ ತೆಗೆದ ಬೀಜವೋ, ಸ್ಯಾಂಪಲ್ ದಾರಿಯಲ್ಲಿ ಗಾಳಿಗೆ ತೆರೆದಿತ್ತೋ ಎಂಬುದರ ಮೇಲೆ ಅಂಕಿ ಬದಲಾಗುತ್ತದೆ. ಕರಾರಿನ ಪ್ರಕಾರ ಯಾವ ಅಳತೆ ನಿಲ್ಲುತ್ತದೆ ಎಂದು ಬರೆದಿರದಿದ್ದರೆ 45 ನಿಮಿಷವೂ ಮೀಟರ್ ಜಗಳಕ್ಕೇ ಹೋಗುತ್ತದೆ. ಕೊನೆಯ ಸಾಲಿಗೂ ಕಾರಣವಿದೆ. ಹಸಿ ಉಳಿದ ಬೀಜ ಕಂಟೇನರ್ ಸೇರಿದರೆ ಕಡಲ ಮೇಲೆ ಬಿಸಿ ತಂಪು ಬದಲಾದಂತೆ ಆವಿ ಮೇಲ್ಛಾವಣಿಗೆ ಅಂಟಿ, ಹನಿಯಾಗಿ ಮೇಲಿನ ಚೀಲಗಳ ಮೇಲೆ ಬೀಳುತ್ತದೆ, ಅಲ್ಲಿ ಬೂಷ್ಟು ಹಿಡಿಯುತ್ತದೆ. ರಿಯಾಯಿತಿ ಕೊಟ್ಟರೆ ಬೂಷ್ಟು ನಿಲ್ಲುವುದಿಲ್ಲ. ಈ ಕಾರಣ ಗೊತ್ತಿದ್ದವರು ಎದುರಿನವರು ಎಷ್ಟು ಒತ್ತಾಯಿಸಿದರೂ ಮಾತು ಬಿಡುವುದಿಲ್ಲ, ಬರೀ ‘ಒಪ್ಪಬೇಡಿ’ ಎಂದಷ್ಟೇ ಕೇಳಿದವರು ಸಡಿಲಾಗುತ್ತಾರೆ. ಹಾಗಾಗಿ ಆ 20 ನಿಮಿಷದ ಮಾತನ್ನು ಇಂಥ ಕಾರಣಗಳಿಗೆ ಮೀಸಲಿಡಿ, ಪುಟದಲ್ಲಿರುವುದನ್ನೇ ಮತ್ತೆ ಓದಿ ಹೇಳಬೇಡಿ.

ಎರಡನೆಯ ವಿಷಯ ತೋಟಗಳ ದಾಖಲೆ. ಯುರೋಪಿನ ಅರಣ್ಯನಾಶ ತಡೆ ನಿಯಮ ಕಾಫಿ ಬೆಳೆದ ಜಾಗದ ಅಕ್ಷಾಂಶ ರೇಖಾಂಶ ಕೇಳುತ್ತದೆ, ದಶಮಾಂಶದ ನಂತರ ಕನಿಷ್ಠ ಆರು ಅಂಕಿ. ನಾಲ್ಕು ಹೆಕ್ಟೇರ್ ಮೀರಿದ ತೋಟಕ್ಕೆ ಒಂದು ಬಿಂದು ಸಾಲದು, ಗಡಿಯ ಸುತ್ತಲಿನ ಗೆರೆಯೇ ಬೇಕು. ಈ ವಿಷಯ ಎತ್ತಿದರೆ ಮೀಟಿಂಗ್ ಎಲ್ಲೆಲ್ಲಿಗೋ ಹರಿಯುತ್ತದೆ: ಪಹಣಿ, ಪಾಲು ಪಾರಿಕತ್ತು, ಸರ್ವೆಯವರು ಬರಲಿಲ್ಲ ಎಂಬ ದೂರು. ಎಲ್ಲವೂ ನಿಜವಾದ ಕಷ್ಟಗಳೇ, ಆದರೆ ಅವು ಬಗೆಹರಿಯುವ ಜಾಗ ಇದಲ್ಲ. ಬದಲಿಗೆ ನಿಂತವರಿಗೆ ಎರಡೇ ಉತ್ತರ ತರಲು ಹೇಳಿ: ಇನ್ನೆಷ್ಟು ತೋಟದ ಫೈಲ್ ಬಾಕಿ, ಯಾವ ದಿನಕ್ಕೆ ಬರುತ್ತದೆ. ಹತ್ತು ನಿಮಿಷ ಮೀರಬಾರದು.

ಜೊತೆಗೆ ಒಂದು ತಪಾಸಣೆ ಕಲಿಸಿಕೊಡಿ. ಫೈಲ್ ನಕ್ಷೆಯ ಅಂಕಿಗಳನ್ನು ಬರೆದಿಡುವ ಜಿಯೋಜೇಸನ್ ರೂಪದಲ್ಲಿದ್ದರೆ ರೇಖಾಂಶ ಮೊದಲು ಬರಬೇಕು. ಚಿಕ್ಕಮಗಳೂರಿನ ಸುತ್ತಮುತ್ತಲ ತೋಟವಾದರೆ ಹೀಗೆ ಕಾಣುತ್ತದೆ:

```
"coordinates": [75.772413, 13.318267]
```

13 ಮೊದಲು ಬಂದಿದ್ದರೆ ಅಂಕಿ ಅದಲುಬದಲಾಗಿದೆ ಎಂದರ್ಥ. ನಕ್ಷೆಯಲ್ಲಿ ಆ ತೋಟ ನಾರ್ವೆಯ ಉತ್ತರದ ಕಡಲಿನಲ್ಲಿ ತೇಲುತ್ತಿರುತ್ತದೆ. ಭಾಷೆ ಬಾರದವರೂ ಪರದೆ ನೋಡಿ ಒಂದೇ ಕ್ಷಣದಲ್ಲಿ ಹಿಡಿಯಬಹುದಾದ ತಪ್ಪು ಇದು.

ಮೂರನೆಯದು ಬೆಲೆ. ಅದರ ಬಗ್ಗೆ ಪುಟದಲ್ಲಿ ಒಂದೇ ಸಾಲು ಇರಲಿ: ಯಾರು ಎತ್ತಿದರೂ ಬರೆದುಕೊಳ್ಳಿ, ಉತ್ತರ ಕೊಡಬೇಡಿ, ಮರುದಿನ ಖರೀದಿ ಮುಖ್ಯಸ್ಥರು ಕರೆ ಮಾಡುತ್ತಾರೆ ಎಂದು ಹೇಳಿ. ಆ ಮುಖ್ಯಸ್ಥರಿಗೆ ಈ ಏರ್ಪಾಡು ನೀವೇ ತಿಳಿಸಿರಬೇಕು. ಇಲ್ಲದಿದ್ದರೆ ಆ ಕರೆ ಹೋಗುವುದೇ ಇಲ್ಲ.

ಜರ್ಮನ್ ಸಹೋದ್ಯೋಗಿಗೆ ಹೇಳಲೇಬೇಕಾದ, ಆದರೆ ಯಾವ ಫೈಲಿನಲ್ಲೂ ಇರದ ಸಂಗತಿ ಇನ್ನೊಂದಿದೆ. ಮೀಟಿಂಗ್ ನಡೆಯುವುದು ಇಂಗ್ಲಿಷ್‌ನಲ್ಲಿ, ಅದರೊಳಗೆ ಇರುವುದು ನಮ್ಮ ಮಾತಿನ ರೂಢಿ. “ಓಕೆ ಮೇಡಂ” ಅಂದರೆ ನಮ್ಮಲ್ಲಿ ಕೇಳಿಸಿತು ಎಂದು, ಒಪ್ಪಿದೆ ಎಂದಲ್ಲ. “ವಿಲ್ ಟ್ರೈ” ಅಂದರೆ ಹೆಚ್ಚಿನ ಸಲ ನಮ್ಮ “ನೋಡೋಣ”, ಅಂದರೆ ಬಹುಶಃ ಆಗುವುದಿಲ್ಲ. ಜರ್ಮನ್ನರು ಎರಡನ್ನೂ ಭರವಸೆ ಎಂದು ಬರೆದುಕೊಳ್ಳುತ್ತಾರೆ, ಮುಂದಿನ ವಾರ ಮಾತು ತಪ್ಪಿದರು ಎಂದು ನೊಂದುಕೊಳ್ಳುತ್ತಾರೆ. ಪರಿಹಾರ ಸರಳ. ಪ್ರತಿ ‘ಓಕೆ’ಯ ಹಿಂದೆಯೇ “ಯಾರು ಮಾಡುತ್ತಾರೆ, ಯಾವ ದಿನ?” ಎಂದು ಕೇಳಲಿ. ದಿನ ಬಂದರೆ ಅದು ಒಪ್ಪಿಗೆ. ದಿನ ಬರದಿದ್ದರೆ “ಏನು ಅಡ್ಡಿ?” ಎಂದು ಕೇಳಿ ಸ್ವಲ್ಪ ಸುಮ್ಮನಿರಲಿ. ಆ ಮೌನದಲ್ಲೇ ನಿಜ ಹೊರಬರುತ್ತದೆ.

ಗಡಿಯಾರದ ವಿಷಯ ಚಿಕ್ಕದೆನಿಸಿದರೂ ಮೀಟಿಂಗ್ ಕೆಡಿಸುವುದು ಅದೇ. ಮಾರ್ಚ್ ಕೊನೆಯ ಭಾನುವಾರ ಜರ್ಮನಿಯ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ. 2025ರಲ್ಲಿ ಆ ಭಾನುವಾರ, ಮಾರ್ಚ್ 30, ಯುಗಾದಿಯ ದಿನವೇ ಬಂದಿತ್ತು. ಅಲ್ಲಿಯವರೆಗೆ ಹ್ಯಾಂಬರ್ಗ್‌ನ ಬೆಳಿಗ್ಗೆ 9:30 ಎಂದರೆ ಚಿಕ್ಕಮಗಳೂರಿನ ಮಧ್ಯಾಹ್ನ 2:00. ಆ ಭಾನುವಾರದ ನಂತರ ಅದೇ 9:30 ಎಂದರೆ ಮಧ್ಯಾಹ್ನ 1:00, ವರ್ಕ್ಸ್‌ನಲ್ಲಿ ಊಟದ ಹೊತ್ತು. ಎರಡನೇ ಮಂಗಳವಾರ ಒಬ್ಬರೂ ಸೇರದಿದ್ದರೆ ಕಾರಣ ಇದೇ ಇರುತ್ತದೆ. ಸರಣಿ ಮೀಟಿಂಗ್‌ನ ಸಮಯವನ್ನು ಕರೆದವರ ಕ್ಯಾಲೆಂಡರ್‌ನಿಂದಲೇ ಬದಲಿಸಬೇಕು, ಹಾಗಾಗಿ ಹೊರಡುವ ಮೊದಲೇ ಆ ಭಾನುವಾರದ ನಂತರದ ಮೀಟಿಂಗ್‌ಗಳನ್ನು 10:30ಕ್ಕೆ ಸರಿಸಿ. ಟೀಮ್ಸ್‌ನಲ್ಲಿ ಸಹೋದ್ಯೋಗಿಯನ್ನು `Co-organizer` ಮಾಡಿ, ಜೂಮ್‌ನಲ್ಲಾದರೆ `Alternative Hosts`ನಲ್ಲಿ ಸೇರಿಸಿ.

ಅದೇ ತಿಂಗಳಲ್ಲಿ ಕಾಫಿ ಗಿಡ ಹೂಬಿಡಲು ಬೇಕಾದ ಹೂಮಳೆಯೂ ಬೀಳಬಹುದು. ಮಳೆ ಬಿದ್ದ ದಿನ ಕರೆಂಟ್ ಹೋಗುತ್ತದೆ, ಬೆಳೆಗಾರರು ತೋಟದಲ್ಲಿರುತ್ತಾರೆ. ವರ್ಕ್ಸ್ ಮ್ಯಾನೇಜರ್ ಒಬ್ಬರೇ ಬಂದರೂ ಸ್ಯಾಂಪಲ್ ವಿಷಯ ಮುಗಿಸಿ, ದಾಖಲೆಯ ವಿಷಯ ಮುಂದಿನ ವಾರಕ್ಕೆ ಬಿಡಿ ಎಂದು ಮೊದಲೇ ಬರೆದಿಡಿ. ಬರೆದಿಡದಿದ್ದರೆ ಇಲ್ಲಿನವರು ಮೀಟಿಂಗನ್ನೇ ರದ್ದು ಮಾಡುತ್ತಾರೆ, ಕಂಟೇನರ್ ಒಂದು ವಾರ ಹಿಂದೆ ಬೀಳುತ್ತದೆ.

ಕೊನೆಗೆ ಊರಿನ ಕಡೆಗೆ ಒಂದು ಫೋನ್, ಕನ್ನಡದಲ್ಲಿ: “ಸಾರ್, ಮುಂದಿನ ಎರಡು ಮಂಗಳವಾರ ನಾನಿರಲ್ಲ, ನಮ್ಮ ಕ್ವಾಲಿಟಿ ಮೇಡಂ ನಡೆಸ್ತಾರೆ. ಸ್ಯಾಂಪಲ್ ವಿಷಯದಲ್ಲಿ ಅವರು ಹೇಳಿದ್ದೇ ಕೊನೆ. ಬೆಲೆ ವಿಷಯ ಅವರ ಹತ್ರ ಎತ್ತಬೇಡಿ, ನಮ್ಮ ಮುಖ್ಯಸ್ಥರು ನಿಮಗೇ ಫೋನ್ ಮಾಡ್ತಾರೆ.” ಈ ಮಾತು ನಿಮ್ಮ ಬಾಯಿಂದಲೇ ಹೋಗಬೇಕು. ಇಮೇಲ್‌ನಲ್ಲಿ ಹೆಸರಷ್ಟೇ ಕಂಡರೆ ನಮ್ಮವರು ಬದಲಿಗೆ ಬಂದವರನ್ನು ಟಿಪ್ಪಣಿ ಬರೆಯುವವರು ಎಂದೇ ಎಣಿಸಿ, “ಸಾರ್ ಬಂದ್ಮೇಲೆ ಮಾತಾಡೋಣ” ಎಂದು ಕಾಯುತ್ತಾರೆ. ಎರಡು ಮೀಟಿಂಗ್ ಹಾಗೇ ಹೋಗುತ್ತವೆ.

ಮರಳಿ ಬಂದ ದಿನ ಟಿಪ್ಪಣಿ ಓದಿ. ಇಲ್ಲಿ ಅದಕ್ಕೆ ಪ್ರೋಟೊಕೋಲ್ ಅನ್ನುತ್ತಾರೆ, ಮೀಟಿಂಗ್ ನಡೆದ ದಿನವೇ ಎಲ್ಲರಿಗೂ ಹೋಗಿರುತ್ತದೆ: ಏನು, ಯಾರು, ಯಾವಾಗ, ಮೂರೇ ಕಲಂ. ‘ಯಾವಾಗ’ ಕಲಂ ಖಾಲಿ ಇರುವ ಸಾಲುಗಳು ಮಾತ್ರ ಈಗ ನಿಮ್ಮ ಕೆಲಸ. ಅವರು ಮಿತಿಯೊಳಗೆ ಕೊಟ್ಟ ಒಪ್ಪಿಗೆ ನಿಮಗೆ ಹಿಡಿಸದಿದ್ದರೂ ವರ್ಕ್ಸಿಗೆ ಫೋನ್ ಮಾಡಿ ಬದಲಿಸಬೇಡಿ. ಮಿತಿ ಬರೆದುಕೊಟ್ಟವರು ನೀವು, ಬದಲಿಸುವುದಿದ್ದರೆ ಮುಂದಿನ ಸಲದ ಪುಟದಲ್ಲಿ ಆ 11.5 ಅನ್ನು ಬದಲಿಸಿ.