ಬೇಯದ ಬೇಳೆ: ಹನ್ನೆರಡು ದಿನದ ಅಡುಗೆ ಲೆಕ್ಕ

ಅತ್ತೆಯವರ ಕಣ್ಣಿನ ಆಪರೇಷನ್ ಅಂತ ನನ್ನವಳು ಕೊಪ್ಪಳಕ್ಕೆ ಹೋದಳು. ಸಿಂಧನೂರಿನ ಮನೆಯಲ್ಲಿ ಉಳಿದದ್ದು ನಾನು, ಒಂಬತ್ತನೇ ಕ್ಲಾಸಿನ ಮಗಳು. ರೊಟ್ಟಿ ಬಡಿಯೋದು ನನ್ನ ಕೈಲಾಗದ ಕೆಲಸ, ಅದನ್ನು ಅಂಗಡಿಯಿಂದ ತಂದರಾಯಿತು. ಅನ್ನ, ಸಾಂಬಾರ್ ಮಾತ್ರ ಕಲಿತೇ ಬಿಡೋಣ ಅಂತ ಕೂತೆ. ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿಯವನಿಗೆ ಲೆಕ್ಕ ಬರೆಯೋ ಚಾಳಿ ಇರುತ್ತದೆ. ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದಿಟ್ಟದ್ದನ್ನೇ ಇಲ್ಲಿ ಹಾಕಿದ್ದೇನೆ.

ಮೊದಲ ದಿನ

ಅನ್ನ: ಒಂದು ಲೋಟ ಸೋನಾ ಮಸೂರಿಗೆ ಎರಡೂವರೆ ಲೋಟ ನೀರು, ಮೂರು ಸೀಟಿ. ಮುಚ್ಚಳ ತೆಗೆದರೆ ಸೌಟಿಗೆ ಅಂಟಿಕೊಂಡು ಮುದ್ದೆಯಾಗಿ ಬಂತು.

ಸಾಂಬಾರ್: ಅರ್ಧ ಲೋಟ ತೊಗರಿಬೇಳೆ, ಬದನೆಕಾಯಿ, ಉಳ್ಳಾಗಡ್ಡಿ, ಹುಣಸೆ ರಸ, ಖಾರ, ಉಪ್ಪು ಎಲ್ಲ ಒಟ್ಟಿಗೆ ಕುಕ್ಕರಿಗೆ. ನಾಲ್ಕು ಸೀಟಿ. ಒಂದೇ ಪಾತ್ರೆ, ಒಂದೇ ಸಲ, ಎಷ್ಟು ಸುಲಭ ಅಲ್ವಾ ಅಂದುಕೊಂಡಿದ್ದೆ. ಬದನೆಕಾಯಿ ಕರಗಿ ಕಾಣೆಯಾಗಿತ್ತು. ಬೇಳೆ ಮಾತ್ರ ಹಾಕಿದಂಗೇ ತಳದಲ್ಲಿ ಕೂತಿತ್ತು, ಮೇಲೆ ಹಳದಿ ನೀರು.

"ಅಪ್ಪಾಜಿ, ಬ್ಯಾಳಿ ಕಟುಂ ಅಂತೈತಿ" ಅಂದಳು ಮಗಳು. ಅವತ್ತು ಮುದ್ದೆ ಅನ್ನಕ್ಕೆ ಮೊಸರು ಕಲಸಿ ಉಂಡೆವು.

ಎರಡನೇ ದಿನ

ಅನ್ನದ ವಿಷಯ ಅಂಗಡಿಯಲ್ಲೇ ಬಗೆಹರಿಯಿತು. ಬೇರಿಂಗ್ ತಗೊಳ್ಳೋಕೆ ಬಂದ ರೈತರೊಬ್ಬರು ನನ್ನ ಕಥೆ ಕೇಳಿ ನಕ್ಕು, "ಅಕ್ಕಿ ಹೊಸಾದ ಹಳೇದ?" ಅಂದರು. ಮನೆಯಲ್ಲಿದ್ದದ್ದು ಈ ಸಲದ ಸುಗ್ಗಿಯ ಭತ್ತದ ಅಕ್ಕಿ. ಹೊಸ ಅಕ್ಕಿ ನೀರು ಕಡಿಮೆ ಕುಡಿಯುತ್ತದೆ, ಬೇಗ ಅಂಟುತ್ತದೆ. ವರ್ಷ ಇಟ್ಟ ಅಕ್ಕಿ ಒಣಗಿ ಗಟ್ಟಿಯಾಗಿರುತ್ತದೆ, ಅದಕ್ಕೇ ಎರಡೂವರೆ ಲೋಟ ಬೇಕು. ಇಷ್ಟು ವರ್ಷ ಭತ್ತದ ಊರಲ್ಲಿದ್ದೂ ನನಗೆ ಇದು ಗೊತ್ತಿರಲಿಲ್ಲ. ಲೋಟಕ್ಕೆ ಎರಡು ಲೋಟ ನೀರು ಹಾಕಿದೆ, ಪರವಾಗಿಲ್ಲ. ಮರುದಿನ ಇನ್ನೂ ಕಾಲು ಲೋಟ ಇಳಿಸಿದೆ, ಬಿಡಿಬಿಡಿ ಅನ್ನ ಆಯಿತು. ಅನ್ನದ ಪುಟ ಅಲ್ಲಿಗೆ ಮುಗಿಯಿತು.

ಬೇಳೆ ಅಷ್ಟು ಸುಲಭಕ್ಕೆ ಮಣಿಯಲಿಲ್ಲ. ಹುಣಸೆ ಮೊದಲೇ ಹಾಕಬಾರದು ಅಂತ ಪಕ್ಕದ ಮನೆಯ ಅಕ್ಕ ಹೇಳಿದ್ದರು. ಬೇಳೆ, ಚಿಟಿಕೆ ಅರಿಶಿಣ, ಅರ್ಧ ಚಮಚ ಎಣ್ಣೆ, ಒಂದೂವರೆ ಲೋಟ ನೀರು ಇಷ್ಟೇ ಹಾಕಿ ಆರು ಸೀಟಿ ಕೂಗಿಸಿದೆ. ನಿನ್ನೆಗಿಂತ ವಾಸಿ. ಆದರೆ ಒಂದು ಕಾಳು ಎತ್ತಿ ಹೆಬ್ಬೆರಳು, ತೋರುಬೆರಳಿನ ನಡುವೆ ಒತ್ತಿದರೆ ಮೇಲಿನ ಪದರ ಜಾರಿತು, ನಡುವೆ ಸಣ್ಣ ಬಿಳಿ ಚುಕ್ಕೆ ಗಟ್ಟಿಯಾಗಿ ಉಳಿಯಿತು. ಕಡಗೋಲಲ್ಲಿ ಎಷ್ಟು ಕಡೆದರೂ ಬೇಳೆ ಒಂದು ಕಡೆ, ನೀರು ಒಂದು ಕಡೆ.

ರಾತ್ರಿ ನನ್ನವಳಿಗೆ ಫೋನು ಮಾಡಿದೆ. ಕುಕ್ಕರಿನ ರಬ್ಬರ್ ಹೋಗಿದೆ ಅಂತ ನನ್ನ ವಾದ. ಅವಳು ಕೇಳಿದ್ದು ಒಂದೇ ಮಾತು: "ಯಾವ ನೀರು ಹಾಕೀರಿ?"

ನಲ್ಲಿ ನೀರು. ಅಂದರೆ ನಮ್ಮ ಬೋರಿನದು.

"ಅದಕ್ಕ ಬ್ಯಾಳಿ ಬೇಯೂದಿಲ್ರೀ. ಫಿಲ್ಟರ್ ಕ್ಯಾನ್ ಮೂಲ್ಯಾಗೈತಿ ನೋಡ್ರಿ."

ಮೂರನೇ ದಿನ

ನನಗೆ ಪೂರ್ತಿ ನಂಬಿಕೆ ಬರಲಿಲ್ಲ. ನೀರು ನೀರೇ, ಕುದಿಯುತ್ತದೆ, ಬೇಯಿಸುತ್ತದೆ. ಪರೀಕ್ಷೆ ಮಾಡೇಬಿಡೋಣ ಅಂತ ಕುಕ್ಕರಿನೊಳಗೆ ಇಡೋ ಎರಡು ಡಬ್ಬಿ ತೆಗೆದೆ. ಎರಡಕ್ಕೂ ಅದೇ ಬೇಳೆ, ಎರಡೆರಡು ಹಿಡಿ. ಒಂದಕ್ಕೆ ಬೋರ್ ನೀರು, ಇನ್ನೊಂದಕ್ಕೆ ಫಿಲ್ಟರ್ ನೀರು, ಎರಡೂ ಅದೇ ಲೋಟದ ಅಳತೆ. ಒಂದರ ಮೇಲೊಂದು ಇಟ್ಟರೆ ಶಾಖದ ನೆಪ ಬರುತ್ತದೆ ಅಂತ ಪಕ್ಕಪಕ್ಕ ಕೂರಿಸಿದೆ. ಐದು ಸೀಟಿ. ಆವಿ ತಾನಾಗಿ ಇಳಿಯೋವರೆಗೆ ಮಗಳು ಮುಚ್ಚಳ ಮುಟ್ಟಲು ಬಿಡಲಿಲ್ಲ. ಯಾವ ಡಬ್ಬಿ ಯಾವುದು ಅಂತ ಸೀಮೆಸುಣ್ಣದಲ್ಲಿ ಗುರುತು ಹಾಕಿದ್ದೂ ಅವಳೇ, ಆವಿಗೆ ಅದು ಅಳಿಸಿಯೂ ಹೋಯಿತು.

ಗುರುತು ಬೇಕಾಗಲೇ ಇಲ್ಲ. ಒಂದು ಡಬ್ಬಿಯಲ್ಲಿ ಬೇಳೆ ತನ್ನ ಆಕಾರ ಬಿಟ್ಟು ಗಂಜಿಯ ಹಾಗೆ ಹರಡಿತ್ತು, ಚಮಚದ ಹಿಂಭಾಗ ಒತ್ತಿದರೆ ಸಾಕು. ಇನ್ನೊಂದರಲ್ಲಿ ಕಾಳು ಕಾಳಾಗಿ ಎಣಿಸಬಹುದಿತ್ತು.

ಇಂಥ ಬೋರ್ ನೀರಿಗೆ ರಸಾಯನಶಾಸ್ತ್ರದಲ್ಲಿ ಗಡಸು ನೀರು ಅಂತಾರೆ. ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ ಇರೋ ನೀರು. ಸೋಪಿಗೆ ನೊರೆ ಬರಲ್ಲ, ನೀರು ಕಾಯಿಸೋ ಪಾತ್ರೆಯೊಳಗೆ ಬಿಳಿ ಪೊರೆ ಕಟ್ಟುತ್ತದೆ. ನಮ್ಮ ಬಚ್ಚಲ ಹಂಡೆ ನೋಡಿದರೆ ಸಾಕು, ಬೇರೆ ಸಾಕ್ಷಿ ಬೇಡ. ಬೇಳೆಯೊಳಗೆ ಕಣಕ್ಕೆ ಕಣ ಹಿಡಿದಿರೋ ಅಂಟಿಗೆ ಪೆಕ್ಟಿನ್ ಅಂತ ಹೆಸರು. ಬಿಸಿಗೆ ಅದು ಕರಗಿದರೇ ಬೇಳೆ ಒಡೆಯೋದು. ಕ್ಯಾಲ್ಸಿಯಂ ಹೋಗಿ ಆ ಅಂಟನ್ನು ಇನ್ನೂ ಬಿಗಿ ಮಾಡುತ್ತದೆ. ಹುಣಸೆಯ ಹುಳಿಯೂ ಅದನ್ನು ಕರಗಲು ಬಿಡುವುದಿಲ್ಲ. ಮೊದಲ ದಿನ ನಾನು ಎರಡನ್ನೂ ಒಟ್ಟಿಗೆ ಹಾಕಿದ್ದೆ. ನಾಲ್ಕಲ್ಲ, ಹತ್ತು ಸೀಟಿ ಕೂಗಿಸಿದ್ದರೂ ಬೇಳೆ ಬೆಂದಿದ್ದರೆ ನನ್ನ ಪುಣ್ಯ ಅಷ್ಟೇ.

ಐದನೇ ದಿನ

ಫಿಲ್ಟರ್ ನೀರು ಖಾಲಿ. ನೀರಿನ ಘಟಕದಲ್ಲಿ ಮೋಟರು ಕೆಟ್ಟಿದೆ ಅಂದರು. ಬೋರ್ ನೀರಿಗೇ ಚಿಟಿಕೆ ಅಡುಗೆ ಸೋಡಾ ಹಾಕಿದರೆ ಬೇಳೆ ಬೇಯುತ್ತದೆ ಅಂತ ಅಂಗಡಿ ಹುಡುಗ ಹೇಳಿದ. ನಿಜ, ಬೆಂದಿತು. ಆದರೆ ನನ್ನ ಚಿಟಿಕೆ ಅಂದರೆ ಗ್ರೀಸ್ ತೆಗೆಯೋ ಕೈಯ ಚಿಟಿಕೆ. ಸಾಂಬಾರ್ ಸೋಪಿನ ಹಾಗೆ ಜಾರಿತು, ಹುಣಸೆ ಹಾಕಿದ ಕೂಡಲೇ ನೊರೆ ಉಕ್ಕಿ ಒಲೆಗೆ ಬಿತ್ತು. ಸೋಡಾ ಹಾಕಿದರೆ ಬೇಳೆಯ ಬಿ ಜೀವಸತ್ವವೂ ಹಾಳಾಗುತ್ತದಂತೆ. ಆ ದಾರಿ ಮುಚ್ಚಿದೆ.

ಎಂಟನೇ ದಿನ

ನುಗ್ಗೆಕಾಯಿ. ಬೇಳೆ ಈಗ ಚೆನ್ನಾಗಿ ಬರುತ್ತಿದೆ ಅನ್ನೋ ಜಂಬದಲ್ಲಿ, ಹಸಿ ನುಗ್ಗೆಕಾಯಿ ತುಂಡುಗಳನ್ನು ನೇರ ಹುಣಸೆ ರಸದಲ್ಲಿ ಕುದಿಸಲು ಇಟ್ಟೆ. ಇಪ್ಪತ್ತು ನಿಮಿಷ ಆದರೂ ಒಳಗಿನ ತಿರುಳು ಹಲ್ಲಿಗೆ ನಾರು ನಾರಾಗಿ ಸಿಕ್ಕಿತು. ತರಕಾರಿಯಲ್ಲೂ ಅದೇ ಅಂಟು, ಅದೇ ಹುಳಿ. ಬೇಳೆಗೆ ಕಲಿತ ಪಾಠವನ್ನು ನುಗ್ಗೆಕಾಯಿಗೆ ಹಾಕಲು ನನಗೆ ಒಂದು ಊಟ ಹಾಳಾಗಬೇಕಾಯಿತು.

ಹತ್ತನೇ ದಿನ

ಈಗ ನಡೆಯುತ್ತಿರೋ ಕ್ರಮ ಇದು. ಬೇಳೆ ತೊಳೆದು ಫಿಲ್ಟರ್ ನೀರಲ್ಲಿ ಅರ್ಧ ಗಂಟೆ ನೆನೆಸಿಡುತ್ತೇನೆ. ಅರಿಶಿಣ, ಎಣ್ಣೆ ಹಾಕಿ ನಾಲ್ಕು ಸೀಟಿ. ಎಣ್ಣೆ ಇಲ್ಲದಿದ್ದರೆ ನೊರೆ ಸೀಟಿಯ ತೂತಿನಿಂದ ಚಿಮ್ಮಿ ಗೋಡೆಯೆಲ್ಲ ಹಳದಿ. ಬೆಂದ ಬೇಳೆ ಕಡೆದು, ನುಗ್ಗೆಕಾಯಿ, ಉಳ್ಳಾಗಡ್ಡಿ ಅದರಲ್ಲೇ ಬೇಯಿಸಿ, ತುಂಡು ಒತ್ತಿದರೆ ಬಿಟ್ಟುಕೊಳ್ಳುವಾಗ ಸಾಂಬಾರ್ ಪುಡಿ ಎರಡು ಚಮಚ, ಉಪ್ಪು, ನಿಂಬೆ ಗಾತ್ರದ ಹುಣಸೆಯ ರಸ. ಆಮೇಲೆ ಏಳೆಂಟು ನಿಮಿಷ ಕುದಿ. ಮೊದಲಿಗೆ ಹಸಿ ಹುಣಸೆಯ ವಾಸನೆ ಮೂಗಿಗೆ ಚುಚ್ಚುತ್ತದೆ, ಅದು ಹೋಗಿ ಖಾರದ ಘಮ ಬಂದಾಗ ಒಲೆ ಸಣ್ಣ ಮಾಡೋದು. ಒಗ್ಗರಣೆಗೆ ಸಾಸಿವೆ, ಬೆಳ್ಳುಳ್ಳಿ, ಕರಿಬೇವು, ಇಂಗು. ಸಾಸಿವೆ ಚಟಪಟ ಅನ್ನೋ ಮೊದಲೇ ಬೆಳ್ಳುಳ್ಳಿ ಹಾಕಿ ಎರಡು ಸಲ ಹಸಿ ಸಾಸಿವೆ ಅಗಿದಿದ್ದೇವೆ.

ಹನ್ನೆರಡನೇ ದಿನ

ಮಧ್ಯಾಹ್ನದ ಬಸ್ಸಿಗೆ ನನ್ನವಳು ಬಂದಳು. ಕೈಕಾಲು ತೊಳೆದು ತಟ್ಟೆಗೆ ಕೂತಳು. ಅನ್ನ ಬೆರಳಲ್ಲಿ ಬಿಡಿಸಿ ನೋಡಿದಳು, ಸಾಂಬಾರ್ ಕಲಸಿ ನಾಲ್ಕು ತುತ್ತು ಉಂಡಳು. ನಾನೂ ಮಗಳೂ ಮುಖ ನೋಡುತ್ತಾ ನಿಂತಿದ್ದೆವು.

"ಬ್ಯಾಳಿ ಬೆಂದೈತಿ" ಅಂದಳು. ಆಮೇಲೆ ಎದ್ದು ಹೋಗಿ ಮೂಲೆಯ ಕ್ಯಾನ್ ಅಲುಗಾಡಿಸಿದಳು.

"ನಿನ್ನೆ ತಂದ 20 ಲೀಟರ್ ಇವತ್ತ ಖಾಲೀನ? ತೊಳಿಯಾಕೂ ಇದ ನೀರು ಹಾಕೀರೇನ್ರೀ?"

ಹೌದು, ಬೇಳೆ, ಅಕ್ಕಿ ಎರಡನ್ನೂ ಮೂರು ಮೂರು ಸಲ ಫಿಲ್ಟರ್ ನೀರಲ್ಲೇ ತೊಳೆದಿದ್ದೆ. ತೊಳೆಯೋಕೆ ನಲ್ಲಿ ನೀರು ಸಾಕಂತೆ, ನೆನೆಸೋಕೆ ಬೇಯಿಸೋಕೆ ಮಾತ್ರ ಫಿಲ್ಟರ್. ಕ್ಯಾನ್ ಹೆಗಲಿಗೇರಿಸಿಕೊಂಡು ಘಟಕಕ್ಕೆ ಹೊರಟೆ.