20 ಕಿಲೋ ಹಳೆ ಅಕ್ಕಿಗೆ 25 ಕಿಲೋ ಹೊಸ ಅಕ್ಕಿ: ಕಿಯಾಸ್ ನಡೆಯುವ ಬಗೆ

ಇಸ್ಲಾಮೀ ಧರ್ಮಶಾಸ್ತ್ರವಾದ ಫಿಕ್ಹ್‌ನ ತರಗತಿಯೊಂದರಲ್ಲಿ ಬಂದ ಪ್ರಶ್ನೆ ಇದು. ಒಬ್ಬರ ಬಳಿ 20 ಕಿಲೋ ಹಳೆ ಅಕ್ಕಿ ಇದೆ, ಇನ್ನೊಬ್ಬರ ಬಳಿ ಹೊಸದು. ಹಳೆ ಅಕ್ಕಿಗೆ ಬೆಲೆ ಜಾಸ್ತಿ. ಹಾಗಾಗಿ 20ಕ್ಕೆ 25 ಕೊಟ್ಟು ಅದಲುಬದಲು ಮಾಡಿಕೊಳ್ಳೋಣ ಎಂದು ಇಬ್ಬರೂ ಒಪ್ಪಿದ್ದಾರೆ. ಯಾರಿಗೂ ನಷ್ಟವಿಲ್ಲ. ಇದು ಸರಿಯೇ?

ಅಕ್ಕಿಯ ಅದಲುಬದಲಿನ ಬಗ್ಗೆ ಕುರ್‌ಆನ್‌ನಲ್ಲೂ, ಪ್ರವಾದಿಯವರ ನುಡಿ-ನಡೆಗಳ ವರದಿಯಾದ ಹದೀಸಿನಲ್ಲೂ ನೇರವಾದ ಮಾತಿಲ್ಲ. ಇರುವುದು ಉಬಾದಾ ಇಬ್ನ್ ಸಾಮಿತ್ ವರದಿ ಮಾಡಿದ ಹದೀಸ್. ಅದರಲ್ಲಿ ಚಿನ್ನ, ಬೆಳ್ಳಿ, ಗೋಧಿ, ಬಾರ್ಲಿ, ಖರ್ಜೂರ, ಉಪ್ಪು ಎಂಬ ಆರು ವಸ್ತುಗಳ ಹೆಸರಿದೆ. ಇವುಗಳಲ್ಲಿ ಒಂದನ್ನು ಅದೇ ಜಾತಿಯ ವಸ್ತುವಿಗೆ ಕೊಡುವಾಗ ಅಳತೆ ಸಮನಾಗಿರಬೇಕು, ಕೊಡುಕೊಳ್ಳುವಿಕೆ ಅಲ್ಲೇ ಕೈಯಿಂದ ಕೈಗೆ ಮುಗಿಯಬೇಕು. ಹೆಚ್ಚಿಗೆ ಕೊಟ್ಟರೆ ಅದು ರಿಬಾ, ಅಂದರೆ ಬಡ್ಡಿಯಂತೆ ನಿಷಿದ್ಧವಾದ ಹೆಚ್ಚಳ. ಈ ಆರರ ತೀರ್ಪನ್ನು ಏಳನೆಯದಕ್ಕೆ ತಲುಪಿಸುವ ದಾರಿಯೇ ಕಿಯಾಸ್.

ಇದಕ್ಕೆ ನಾಲ್ಕು ಅಂಗಗಳು ಬೇಕು. ಹದೀಸಿನಲ್ಲಿ ತೀರ್ಪು ಸಿಕ್ಕಿರುವ ಮೂಲ ವಸ್ತು, ಅಂದರೆ ಗೋಧಿ. ತೀರ್ಪು ಸಿಗದ ಹೊಸ ವಸ್ತು, ಅಂದರೆ ಅಕ್ಕಿ. ಮೂಲಕ್ಕಿರುವ ತೀರ್ಪು, ಅಂದರೆ ಹೆಚ್ಚುಕಮ್ಮಿ ನಿಷಿದ್ಧ ಎಂಬುದು. ನಾಲ್ಕನೆಯದು ಇಲ್ಲತ್, ಆ ತೀರ್ಪಿಗೆ ಕಾರಣವಾದ ಗುಣ. ಮೊದಲ ಮೂರು ಕಣ್ಣೆದುರೇ ಇರುತ್ತವೆ. ವಿದ್ವಾಂಸನ ಶ್ರಮವೆಲ್ಲ ಇಲ್ಲತ್ತನ್ನು ಹುಡುಕುವುದರಲ್ಲೇ ಹೋಗುತ್ತದೆ.

ಹುಡುಕುವ ಒಂದು ಕ್ರಮ, ಸಾಧ್ಯವಿರುವ ಗುಣಗಳನ್ನೆಲ್ಲ ಮುಂದಿಟ್ಟು ಹೊಂದದ್ದನ್ನು ಒಂದೊಂದಾಗಿ ತೆಗೆಯುವುದು. ಗೋಧಿ ಧಾನ್ಯ ಎಂಬುದೇ ಕಾರಣವೇ? ಹಾಗಾದರೆ ಖರ್ಜೂರ, ಉಪ್ಪು ಹೊರಗುಳಿಯುತ್ತವೆ. ದುಬಾರಿ ವಸ್ತು ಎಂಬುದೇ? ಉಪ್ಪು ದುಬಾರಿಯಲ್ಲ. ಹೀಗೆ ಜರಡಿ ಹಿಡಿದ ಮೇಲೆ ಉಳಿದ ಗುಣ ಯಾವುದು ಎಂಬಲ್ಲಿ ಮದ್‌ಹಬ್‌ಗಳು, ಅಂದರೆ ಫಿಕ್ಹ್‌ನ ಪಂಥಗಳು, ಬೇರೆಯಾಗುತ್ತವೆ. ಆರರಲ್ಲಿ ಚಿನ್ನ, ಬೆಳ್ಳಿ ಬಿಟ್ಟು ಉಳಿದ ನಾಲ್ಕು ಆಹಾರವಸ್ತುಗಳ ಮಟ್ಟಿಗೆ ಹನಫಿಗಳು ಅಳೆದು ಅಥವಾ ತೂಗಿ ಮಾರುವ ಗುಣವನ್ನು ಹಿಡಿದರು, ಶಾಫಿಈಗಳು ತಿನ್ನುವ ವಸ್ತು ಎಂಬುದನ್ನು, ಮಾಲಿಕಿಗಳು ಕೂಡಿಟ್ಟು ಮುಖ್ಯ ಆಹಾರವಾಗಿ ಬಳಸುವ ಗುಣವನ್ನು. ಅಕ್ಕಿಯಲ್ಲಿ ಮೂರೂ ಇವೆ. ಆದ್ದರಿಂದ ದಾರಿ ಬೇರೆಯಾದರೂ ಉತ್ತರ ಒಂದೇ: 20ಕ್ಕೆ 25 ಆಗದು.

ಮೊಟ್ಟೆಯ ಪ್ರಶ್ನೆ ಬಂದರೆ ಈ ಒಮ್ಮತ ಉಳಿಯುವುದಿಲ್ಲ. ಅದನ್ನು ಎಣಿಸಿ ಮಾರುತ್ತಾರೆ. ಹಾಗಾಗಿ ಹನಫಿ ಮತದಲ್ಲಿ ಒಂದು ಮೊಟ್ಟೆಗೆ ಎರಡು ಮೊಟ್ಟೆ, ಅಲ್ಲೇ ಕೈಬದಲಾದರೆ ಸರಿ. ಶಾಫಿಈ ಮತದಲ್ಲಿ ಅದು ತಿನ್ನುವ ವಸ್ತು, ಹಾಗಾಗಿ ಕೂಡದು. ಕಬ್ಬಿಣವನ್ನು ತೂಗಿ ಮಾರುತ್ತಾರೆ, ತಿನ್ನುವುದಿಲ್ಲ, ಹಾಗಾಗಿ ಅಲ್ಲಿ ಇದು ತಿರುವುಮುರುವಾಗುತ್ತದೆ. ಕಿಯಾಸನ್ನೇ ಒಪ್ಪದ ಇಬ್ನ್ ಹಜ್ಮ್ (ನಿಧನ 1064) ಹದೀಸಿನ ಆರರಲ್ಲೇ ನಿಂತರು. ಅವರ ಪ್ರಕಾರ ಅಕ್ಕಿಗೂ ಈ ನಿರ್ಬಂಧವಿಲ್ಲ.

ತರಗತಿಯಲ್ಲಿ ಎದ್ದ ಆಕ್ಷೇಪವೂ ತೂಕದ್ದೇ. ರಿಬಾ ನಿಷಿದ್ಧವಾದದ್ದು ಅನ್ಯಾಯ ತಡೆಯಲು ತಾನೇ? ಇಲ್ಲಿ ಬೆಲೆ ಸಮನಾಗಿರುವಾಗ ಅನ್ಯಾಯವೆಲ್ಲಿ? ಈ ವಿಷಯದಲ್ಲಿ ಜನ ಹೆಚ್ಚಾಗಿ ಎಡವುವುದು ಇಲ್ಲೇ. ಅನ್ಯಾಯ ತಡೆಯುವುದು ತೀರ್ಪಿನ ಹಿಂದಿರುವ ಉದ್ದೇಶ, ಅದಕ್ಕೆ ಹಿಕ್ಮತ್ ಎನ್ನುತ್ತಾರೆ. ಇಲ್ಲತ್ ಬೇರೆ: ಅದು ಎಲ್ಲರಿಗೂ ಕಾಣುವಂತಿರಬೇಕು, ವ್ಯಕ್ತಿಯಿಂದ ವ್ಯಕ್ತಿಗೆ ಬದಲಾಗಬಾರದು. ನ್ಯಾಯವಾದ ಬೆಲೆ ಯಾವುದೆಂದು ಇಬ್ಬರು ಎರಡು ರೀತಿ ಹೇಳಬಹುದು. ಅಕ್ಕಿಯನ್ನು ತೂಗುತ್ತಾರೋ ಇಲ್ಲವೋ ಎಂಬುದರಲ್ಲಿ ಆ ಗೊಂದಲವಿಲ್ಲ. ಪ್ರಯಾಣದಲ್ಲಿ ನಮಾಜ್ ಮೊಟಕುಗೊಳಿಸುವ ರಿಯಾಯಿತಿಯೂ ಹೀಗೆಯೇ. ಉದ್ದೇಶ ಕಷ್ಟವನ್ನು ಹಗುರಗೊಳಿಸುವುದಾದರೂ ಇಲ್ಲತ್ ಪ್ರಯಾಣ. ಆರಾಮವಾಗಿ ಪ್ರಯಾಣಿಸುವವನಿಗೆ ರಿಯಾಯಿತಿ ಉಂಟು, ಊರಲ್ಲೇ ಬೆವರು ಸುರಿಸುವ ಕೂಲಿಗೆ ಇಲ್ಲ.

ಗುಣಮಟ್ಟದ ವ್ಯತ್ಯಾಸಕ್ಕೆ ಪರಿಹಾರವೂ ಹದೀಸಿನಲ್ಲೇ ಇದೆ. ಖೈಬರ್‌ನಿಂದ ಒಬ್ಬರು ಒಳ್ಳೆಯ ಖರ್ಜೂರ ತಂದರು. ಸಾಅ್ ಎಂಬುದು ಆಗಿನ ಒಂದು ಅಳತೆ. ಎರಡು ಸಾಅ್ ಸಾಧಾರಣ ಖರ್ಜೂರ ಕೊಟ್ಟು ಒಂದು ಸಾಅ್ ಇದನ್ನು ಪಡೆಯುತ್ತೇವೆ ಎಂದಾಗ ಪ್ರವಾದಿಯವರು ತಡೆದರು. ಸಾಧಾರಣದ್ದನ್ನು ದಿರ್ಹಮಿಗೆ ಮಾರಿ, ಆ ದಿರ್ಹಮಿನಿಂದ ಒಳ್ಳೆಯದನ್ನು ಕೊಳ್ಳಲು ಹೇಳಿದರು. ಅಕ್ಕಿಗೂ ಅದೇ ದಾರಿ. 25 ಕಿಲೋ ಹೊಸ ಅಕ್ಕಿಯನ್ನು ಹಣಕ್ಕೆ ಮಾರಿ, ಆ ಹಣದಿಂದ ಹಳೆಯದನ್ನು ಕೊಳ್ಳಬೇಕು. ಎರಡೂ ಬೇರೆ ಬೇರೆ ವ್ಯವಹಾರಗಳಾಗಿರಬೇಕು, ಒಂದಕ್ಕೆ ಇನ್ನೊಂದು ಷರತ್ತಾಗಬಾರದು.

ಅಕ್ಕಿಗೆ ಗೋಧಿ ಕೊಡುವುದಾದರೆ ಜಾತಿ ಬೇರೆ, ಹಾಗಾಗಿ 20ಕ್ಕೆ 25 ಆಗಬಹುದು. ಆದರೆ ಇಲ್ಲತ್ ಒಂದೇ ಆದ್ದರಿಂದ ಅಲ್ಲೇ ಕೈಬದಲಾಗಬೇಕು, ನಾಳೆ ಕೊಡುತ್ತೇನೆ ಎನ್ನುವಂತಿಲ್ಲ. ಈ ನಿಯಮವನ್ನು ಹಣಕ್ಕೆ ಅಕ್ಕಿ ಕೊಳ್ಳುವುದಕ್ಕೂ ಎಳೆದು, ಸಾಲದ ವ್ಯಾಪಾರವೇ ತಪ್ಪು ಎನ್ನುವವರಿದ್ದಾರೆ. ಅದು ಎರಡರ ನಡುವಿನ ಭೇದವನ್ನು ನೋಡದೆ ಮಾಡಿದ ಕಿಯಾಸ್. ಹಣ ಬೆಲೆಯ ಸಾಧನ, ಅಕ್ಕಿ ಆಹಾರ, ಇಲ್ಲತ್ತೇ ಬೇರೆ. ಪ್ರವಾದಿಯವರೇ ತಮ್ಮ ಕವಚವನ್ನು ಒತ್ತೆಯಿಟ್ಟು ಸಾಲಕ್ಕೆ ಧಾನ್ಯ ಕೊಂಡಿದ್ದರು.