ಬುಕ್ಕು

ಇವತ್ತು ಸಂಜೆ ದಾವಣಗೆರೆಯ ಲೈಬ್ರರಿಯಲ್ಲಿ ಪೇಪರ್ ಓದುತ್ತಾ ಕೂತಿದ್ದೆ.

ಐದಾರು ವರ್ಷದ ಹುಡುಗಿ. ಅಜ್ಜಿಯ ಸೆರಗನ್ನ ಬೆರಳಿಗೆ ಸುತ್ತಿಕೊಂಡು ನಿಂತಿದ್ದಳು.

"ಏನ್ ಬೇಕು ಪುಟ್ಟಿ? ಹೆಸರೇನು? ಎಷ್ಟನೇ ಕ್ಲಾಸು?" ಅಂತ ಯಾರೋ ಒಂದೇ ಸಮನೆ ಕೇಳಿದರು. ಪ್ರಶ್ನೆ ಜಾಸ್ತಿ ಆದಷ್ಟೂ ಸೆರಗಿನ ಸುತ್ತು ಬಿಗಿಯಾಯಿತು. "ಮಾತಾಡೇ, ಬಾಯಿಲ್ವಾ?" ಅಂದರು ಅಜ್ಜಿ. ಹುಡುಗಿ ಪೂರ್ತಿ ಸೆರಗಿನ ಹಿಂದೆ ಹೋದಳು.

ಲೈಬ್ರರಿಯ ಮೇಡಂ ಎದ್ದು ಬಂದರು. ಏನೂ ಕೇಳಲಿಲ್ಲ. ಎದುರಿಗೆ ಅಲ್ಲ, ಪಕ್ಕದಲ್ಲಿ ನೆಲದ ಮೇಲೆ ಕೂತರು. ಎರಡು ಚಿತ್ರದ ಪುಸ್ತಕ ಹರಡಿ, "ಇದರಲ್ಲಿ ಆನೆ ಇದೆ. ಇದರಲ್ಲಿ ರೈಲು" ಅಂತ ತಮ್ಮಷ್ಟಕ್ಕೆ ಹೇಳಿಕೊಂಡು ಸುಮ್ಮನಾದರು. ಅವಳ ಮುಖ ನೋಡಲೇ ಇಲ್ಲ. ಆ ಸುಮ್ಮನಿರೋದು ಎಷ್ಟು ಕಷ್ಟ ಅಲ್ವಾ? ನಾವಾದರೆ ಎರಡು ಸೆಕೆಂಡಿಗೇ ಇನ್ನೊಂದು ಪ್ರಶ್ನೆ ಹಾಕಿಬಿಡುತ್ತೇವೆ.

ಸೆರಗಿನಿಂದ ಒಂದು ಬೆರಳು ಬಿಡಿಸಿಕೊಂಡು ರೈಲಿನ ಮೇಲೆ ಬಂತು.

"ಬುಕ್ಕು."

ಫ್ಯಾನಿನ ಸದ್ದಿಗಿಂತ ಸಣ್ಣ ದನಿ. ಅಜ್ಜಿ ಚಪ್ಪಾಳೆ ತಟ್ಟೋಕೆ ಕೈ ಎತ್ತಿದರು. ಮೇಡಂ ಬೇಡ ಅಂತ ಕಣ್ಣಲ್ಲೇ ಹೇಳಿದರು. ಎಲ್ಲರೂ ತಿರುಗಿ ನೋಡಿದರೆ ಆ ಮಾತೂ ಒಳಗೆ ಹೋಗುತ್ತಿತ್ತೇನೋ. "ಹ್ಞೂಂ, ರೈಲಿನ ಬುಕ್ಕು" ಅಂದು ಪುಟ ತೆರೆದರು, ಅಷ್ಟೇ.

ನಾನು ಹೊರಡುವಾಗ ಅವಳು ಬೋಗಿಗಳನ್ನ ಎಣಿಸುತ್ತಿದ್ದಳು. ದನಿ ಇಲ್ಲ, ತುಟಿ ಮಾತ್ರ.